ಪೇಮೆಂಟ್ ಫೇಲ್ ಆದ ಮೇಲೆ ಕ್ಯಾನ್ಸಲ್ ಮಾಡುವ ಮುಂಚೆ ಇದನ್ನು ಓದಿ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಇವತ್ತೇ ಬರೆಯುತ್ತಿದ್ದೇನೆ. "ದುಡ್ಡು ಹೇಗೂ ಹೋಗಿಲ್ಲ, ನನಗೂ ಇದು ಬೇಡವಾಗಿತ್ತು, ಕ್ಯಾನ್ಸಲ್ ಮಾಡಿಬಿಡೋಣ" ಅಂತ ಈಗ ಯಾರಾದರೂ ಕೂತಿರಬಹುದು. ನಾನು ಮಾಡಿದ್ದೂ ಅದನ್ನೇ.

ಫೋಟೊ, ಫೈಲುಗಳನ್ನು ಇಟ್ಟುಕೊಳ್ಳುವ ಒಂದು ಆನ್‌ಲೈನ್ ಸೇವೆಗೆ ಮೂರು ವರ್ಷದಿಂದ ತಿಂಗಳ ಚಂದಾ ಕಟ್ಟುತ್ತಿದ್ದೆ. ಪ್ರತಿ ತಿಂಗಳು 3ನೇ ತಾರೀಕು ಕಾರ್ಡಿನಿಂದ ದುಡ್ಡು ತಾನಾಗಿಯೇ ಹೋಗುತ್ತಿತ್ತು. ಈ ಸಲ ಕಾರ್ಡಿನ ಅವಧಿ ಮುಗಿದಿತ್ತು. ಹೊಸ ಕಾರ್ಡ್ ಕೈಯಲ್ಲಿತ್ತು, ಅಲ್ಲಿ ಹಾಕಿರಲಿಲ್ಲ ಅಷ್ಟೇ. 3ಕ್ಕೆ ಪೇಮೆಂಟ್ ಫೇಲ್. 6ಕ್ಕೆ ಅವರೇ ಮತ್ತೆ ಪ್ರಯತ್ನಿಸಿದರು, ಮತ್ತೆ ಫೇಲ್. ಆದರೆ ಖಾತೆ ಎಂದಿನಂತೆ ತೆರೆಯುತ್ತಿತ್ತು. ನಾನು ಒಂದೆರಡು ಸಲ ಫೈಲುಗಳನ್ನೂ ಹಾಕಿದೆ.

9ಕ್ಕೆ ಕ್ಯಾನ್ಸಲ್ ಮಾಡಿದೆ. ಪರದೆ ಮೇಲೆ ಬಂದ ಸಾಲು ಇದು: "ನಿಮ್ಮ ಚಂದಾ ರದ್ದಾಗಿದೆ. ಮುಂದಿನ ತಿಂಗಳ 2ನೇ ತಾರೀಕಿನವರೆಗೆ ಪ್ಲಾನ್ ಬಳಸಬಹುದು." ಓದಿ ನೆಮ್ಮದಿಯಾಯಿತು. ದುಡ್ಡು ಕಟ್ಟದಿದ್ದರೂ ತಿಂಗಳ ಕೊನೆಯವರೆಗೆ ಬಿಟ್ಟಿದ್ದಾರಲ್ಲ, ಒಳ್ಳೆಯವರು ಅಂದುಕೊಂಡೆ. ಫೈಲುಗಳನ್ನು ನಿಧಾನವಾಗಿ ಇಳಿಸಿಕೊಂಡರಾಯಿತು ಅಂತ ಸುಮ್ಮನಾದೆ. ನಾನು ಮೋಸಹೋದದ್ದು ಆ ಒಂದು ಸಾಲಿನಲ್ಲಿ. ಈಗ ಅದನ್ನು ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

17ಕ್ಕೆ ಖಾತೆಗೆ ಬೀಗ. ಲಾಗಿನ್ ಆಗುತ್ತದೆ, ಆದರೆ ಒಳಗೆ ಒಂದೇ ಪುಟ. ಬಾಕಿ ಮೊತ್ತ, ಅದರ ಕೆಳಗೆ "ಮತ್ತೆ ಚಾಲೂ ಮಾಡಿ" ಅನ್ನುವ ಬಟನ್. ಬೀಗ ಬಿದ್ದ ದಿನದಿಂದ 30 ದಿನಕ್ಕೆ ಎಲ್ಲ ಫೈಲುಗಳನ್ನೂ ಅಳಿಸುತ್ತೇವೆ ಅಂತ ಚಿಕ್ಕ ಅಕ್ಷರದಲ್ಲಿ ಬೇರೆ. ಒಂದು ಫೋಟೊ ಕೂಡ ಇಳಿಸಿಕೊಳ್ಳಲು ಆಗಲಿಲ್ಲ. ಮೂರು ವರ್ಷದ ಫೋಟೊಗಳು, ಎಲ್ಲವೂ ಆ ಬೀಗದ ಒಳಗೆ.

ಚಾಟ್‌ನಲ್ಲಿ ಕೇಳಿದೆ. "ನಾನು 9ಕ್ಕೇ ಕ್ಯಾನ್ಸಲ್ ಮಾಡಿದ್ದೇನೆ. 2ರವರೆಗೆ ಬಳಸಬಹುದು ಅಂತ ನೀವೇ ಹೇಳಿದ್ದೀರಿ. ಬಾಕಿ ಎಲ್ಲಿಂದ ಬಂತು?"

ಉತ್ತರ: "ನೀವು ರದ್ದು ಮಾಡಿದ್ದು ಖಚಿತವಾಗಿದೆ. 3ನೇ ತಾರೀಕಿನ ಬಿಲ್ ಬಾಕಿ ಇದೆ."

"ಆ ಬಿಲ್ ಪೇಮೆಂಟ್ ಆಗಿಯೇ ಇಲ್ಲವಲ್ಲ!"

"ಹೌದು, ಆದ್ದರಿಂದಲೇ ಬಾಕಿ ಇದೆ."

ಇದಕ್ಕೆ ಏನು ಹೇಳುವುದು? ನಾಲ್ಕು ಸಲ ಬೇರೆ ಬೇರೆ ರೀತಿ ಕೇಳಿದೆ, ನಾಲ್ಕು ಸಲವೂ ಅದೇ ಮಾತು ಬಂತು. ಕೊನೆಗೆ ಸೋತು ಹೊಸ ಕಾರ್ಡ್ ಹಾಕಿ ಆ ಬಟನ್ ಒತ್ತಿದೆ. ಬ್ಯಾಂಕಿನಿಂದ ಎರಡು ಮೆಸೇಜ್ ಬಂದವು. ಎರಡು ಸಲ ದುಡ್ಡು ಹೋಗಿತ್ತು! ಒಂದು ಹಳೇ ಬಾಕಿ, ಇನ್ನೊಂದು ಅವತ್ತಿನಿಂದ ಶುರುವಾದ ಹೊಸ ತಿಂಗಳು. ಬಿಟ್ಟುಬಿಡಬೇಕು ಅಂತ ಹೊರಟ ಸೇವೆಗೆ ಎರಡು ತಿಂಗಳ ದುಡ್ಡು ಕಟ್ಟಿ ಮತ್ತೆ ಚಂದಾದಾರಳಾಗಿ ಕೂತಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ತಂಗಿ ಇಂಥದ್ದೇ ಇನ್ನೊಂದು ಸಂಸ್ಥೆಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. "ಅಕ್ಕಾ, ನೀನು ನಿಲ್ಲಿಸಿದ್ದು ಚಂದಾನ. ಬಿಲ್‌ನ ಅಲ್ಲ" ಅಂದಳು.

ಅವಳು ಬಿಡಿಸಿ ಹೇಳಿದ್ದು ಹೀಗೆ. ಇಂಥ ಸೇವೆಗಳಲ್ಲಿ ಸಾಮಾನ್ಯವಾಗಿ ದುಡ್ಡು ಮುಂಗಡ. ತಿಂಗಳು ಶುರುವಾದ ದಿನವೇ ಆ ಇಡೀ ತಿಂಗಳಿನ ಬಿಲ್ ಹುಟ್ಟುತ್ತದೆ. ಪೇಮೆಂಟ್ ಫೇಲ್ ಆದರೆ ಬಿಲ್ ಸಾಯುವುದಿಲ್ಲ, ತೆರೆದೇ ಇರುತ್ತದೆ. ಕೆಲವು ದಿನ ಬಿಟ್ಟು ಬಿಟ್ಟು ಕಾರ್ಡಿನ ಮೇಲೆ ಮತ್ತೆ ಪ್ರಯತ್ನಿಸುತ್ತಾರೆ. ಆ ಸಮಯದಲ್ಲಿ ಹೆಚ್ಚಿನವರು ಖಾತೆಯನ್ನು ತೆರೆದೇ ಇಡುತ್ತಾರೆ. ಗ್ರಾಹಕರು ಕಾರ್ಡ್ ಸರಿಮಾಡಲಿ ಅಂತ ಕೊಡುವ ಗಡುವು ಅದು, ಪುಕ್ಕಟೆ ಅಲ್ಲ. ಈ ನಡುವೆ ಕ್ಯಾನ್ಸಲ್ ಒತ್ತಿದರೆ ನಿಲ್ಲುವುದು ಮುಂದಿನ ತಿಂಗಳ ಬಿಲ್ ಮಾತ್ರ. ಹುಟ್ಟಿಬಿಟ್ಟ ಬಿಲ್ ಹಾಗೇ ಇರುತ್ತದೆ. ಅದನ್ನು ಅವರೇ ಬೇರೆಯಾಗಿ ವಜಾ ಮಾಡಬೇಕು. ಕೆಲವು ಕಡೆ ಕ್ಯಾನ್ಸಲ್ ಮಾಡಿದ ಮೇಲೂ ಹಳೇ ಬಿಲ್ ಮೇಲೆ ಪ್ರಯತ್ನ ನಡೆಯುತ್ತಲೇ ಇರುತ್ತದಂತೆ.

"2ರವರೆಗೆ ಬಳಸಬಹುದು ಅಂತ ಬಂತಲ್ಲ, ಅದರ ಅರ್ಥ ಆ ತಿಂಗಳು ನಿನ್ನ ಲೆಕ್ಕದಲ್ಲೇ ಇದೆ ಅಂತ" ಅಂದಳು. "ತಕ್ಷಣವೇ ಮುಗಿಸಿ ಅನ್ನುವ ಆಯ್ಕೆ ಇದ್ದಿದ್ದರೆ ಬಿಲ್ ವಜಾ ಮಾಡಿ ಅಂತ ಕೇಳೋಕೆ ಒಂದು ಆಧಾರ ಇರ್ತಿತ್ತು." ಆ ಆಯ್ಕೆ ಇತ್ತೋ ಏನೋ, ನಾನು ನೋಡಲೇ ಇಲ್ಲ.

ಎಲ್ಲ ಕಡೆ ಹೀಗೇ ಅಂತಲೂ ಅಲ್ಲ. ಫೋನಿನ ಆಪ್ ಸ್ಟೋರ್ ಮೂಲಕ ತೆಗೆದುಕೊಂಡ ಚಂದಾ ಆದರೆ ದುಡ್ಡಿನ ವ್ಯವಹಾರ ಸ್ಟೋರಿನ ಕೈಯಲ್ಲಿರುತ್ತದೆ, ನಿಯಮ ಬೇರೆ. ಆಪಲ್ ಆದರೆ ಫೇಲ್ ಆದ ಪೇಮೆಂಟನ್ನು 60 ದಿನದವರೆಗೂ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬಳಸಿದಷ್ಟಕ್ಕೆ ಬಿಲ್ ಹಾಕುವ ಸೇವೆಗಳಲ್ಲಿ ಇನ್ನೊಂದು ತಲೆನೋವು. ಅಲ್ಲಿ ಕ್ಯಾನ್ಸಲ್ ಆದ ಮೇಲೂ ಕೊನೆಯ ಬಿಲ್ ಬರುತ್ತದೆ.

ತಂಗಿ ಹೇಳಿದಂತೆ ಮೇಲ್ ಬರೆದೆ. ಚಾಟ್ ಅಲ್ಲ, ಮೇಲ್. ಎರಡೂ ಬಿಲ್ ನಂಬರ್ ಹಾಕಿ, 9ರ ಕ್ಯಾನ್ಸಲ್ ಮೇಲನ್ನು ಜೊತೆಗಿಟ್ಟು ಎರಡೇ ಪ್ರಶ್ನೆ ಕೇಳಿದೆ. ಹಳೇ ಬಾಕಿ ಮಾತ್ರ ಕಟ್ಟಲು ನೀವು ದಾರಿ ಯಾಕೆ ಇಟ್ಟಿಲ್ಲ? ನಾನು ಕೇಳದ ಹೊಸ ತಿಂಗಳ ದುಡ್ಡು ಯಾವಾಗ ವಾಪಸ್ಸು ಕೊಡುತ್ತೀರಿ?

ಐದು ದಿನ ಬಿಟ್ಟು ಉತ್ತರ ಬಂತು. "ಬಾಕಿ ಮಾತ್ರ ಕಟ್ಟುವ ಲಿಂಕ್ 3ನೇ ತಾರೀಕು ಕಳಿಸಿದ ಮೇಲ್‌ನಲ್ಲಿತ್ತು." ಹೋಗಿ ನೋಡಿದೆ. ಇತ್ತು. ಮೇಲ್‌ನ ಕೊನೆಯಲ್ಲಿ, ಬಿಲ್ ನಂಬರಿನ ಕೆಳಗೆ. ಹಾಗಾದರೆ ಚಾಟ್‌ನಲ್ಲಿ ನಾಲ್ಕು ಸಲ ಕೇಳಿದಾಗ ಅದನ್ನು ಹೇಳಲು ಏನಾಗಿತ್ತು? ಒಂದೇ ಒಂದು ಸಾಲು ಸಾಕಿತ್ತು! ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೇ, ದುಡ್ಡಿಗಲ್ಲ.

ಹೊಸ ತಿಂಗಳ ದುಡ್ಡು ವಾಪಸ್ಸು ಕೊಟ್ಟರು. ಹಳೇ ತಿಂಗಳದ್ದು ಕೊಡಲಿಲ್ಲ, ನೀವು ಬಳಸಿದ್ದೀರಿ ಅಂದರು. 3ರಿಂದ 17ರವರೆಗೆ ಬಳಸಿದ್ದೆ, ನಿಜ. ಆದರೆ ಬೀಗ ಹಾಕಿದ ದಿನಗಳಿಗೂ ಪೂರ್ತಿ ದುಡ್ಡು ತೆಗೆದುಕೊಂಡಿದ್ದು ನ್ಯಾಯ ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ.

ನಿಮಗೆ ಹೀಗಾದರೆ ಕ್ಯಾನ್ಸಲ್ ಆಮೇಲೆ, ಮೊದಲು ಫೈಲುಗಳನ್ನು ಇಳಿಸಿಕೊಳ್ಳಿ. ಖಾತೆ ತೆರೆಯುತ್ತಿರುವಾಗಲೇ, ಅವತ್ತೇ. ಆಮೇಲೆ ಬಿಲ್‌ಗಳ ಪುಟಕ್ಕೆ ಹೋಗಿ ತೆರೆದ ಬಿಲ್ ಇದೆಯಾ ನೋಡಿ. ಇದ್ದರೆ ಕ್ಯಾನ್ಸಲ್ ಮಾಡಿದ ಕೂಡಲೇ "ಈ ನಂಬರಿನ ಬಿಲ್ ವಜಾ ಮಾಡುತ್ತೀರಾ, ಇಲ್ಲವಾ" ಅಂತ ಮೇಲ್‌ನಲ್ಲಿ ಕೇಳಿ. ಕಟ್ಟಲೇಬೇಕಾದರೆ ಬಿಲ್‌ನ ಲಿಂಕಿನಿಂದ ಕಟ್ಟಿ. "ಮತ್ತೆ ಚಾಲೂ ಮಾಡಿ" ಬಟನ್ ಕಡೆ ಹೋಗಲೇಬೇಡಿ. ಕಾರ್ಡ್ ತೆಗೆದುಹಾಕಿದರೆ ಬಾಕಿ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ, ಬಿಲ್ ಅಲ್ಲೇ ಇರುತ್ತದೆ.

ನಾನು ಮೊನ್ನೆ ಫೋಟೊಗಳನ್ನೆಲ್ಲ ಇಳಿಸಿಕೊಂಡು ಎರಡನೇ ಸಲ ಕ್ಯಾನ್ಸಲ್ ಮಾಡಿದೆ. ಬಿಲ್‌ಗಳ ಪುಟದಲ್ಲಿ ಬಾಕಿ ಸೊನ್ನೆ ಅಂತ ಇತ್ತು. ಅದರ ಫೋಟೊ ತೆಗೆದಿಟ್ಟುಕೊಂಡಿದ್ದೇನೆ.