ಮ್ಯಾನೇಜರ್ ವಾಯ್ಸ್ ಮೆಸೇಜು, ನನ್ನ ಕೀಬೋರ್ಡ್ ಮೈಕು: ಹತ್ತು ತಿಂಗಳ ಬಳಕೆಯ ನಂತರ

ನಾನು ಒಂದು ಕಲ್ಯಾಣ ಮಂಟಪದಲ್ಲಿ ಸೂಪರ್‌ವೈಸರ್. ನಮ್ಮ ಮ್ಯಾನೇಜರ್‌ಗೆ ಟೈಪ್ ಮಾಡೋದು ಅಂದರೆ ಆಗಲ್ಲ. ಏನಿದ್ದರೂ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜು, ಅದೂ ಐದಾರು ನಿಮಿಷದ್ದು. ಅದನ್ನು ನಂಬರ್ ಹಾಕಿದ ಪಟ್ಟಿ ಮಾಡಿ ಹುಡುಗರ ಗ್ರೂಪಿಗೆ ಹಾಕೋದು ನನ್ನ ಕೆಲಸ. ಹತ್ತು ತಿಂಗಳಿಂದ ಇದಕ್ಕೆ ಫೋನಿನ ಕೀಬೋರ್ಡ್‌ನಲ್ಲೇ ಇರುವ ಕನ್ನಡ ಮೈಕ್ ಬಳಸುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್.

ಮೊದಲು ಮೆಸೇಜನ್ನು ಸ್ಪೀಕರಿನಲ್ಲಿ ಹಾಕಿ ಮೈಕ್ ಆನ್ ಮಾಡಿದೆ. ಮೈಕ್ ಆನ್ ಆದ ತಕ್ಷಣ ಆಡಿಯೋ ನಿಂತುಹೋಯಿತು. ಬೇರೆ ಫೋನಿನಿಂದ ಕೇಳಿಸಿದರೂ ಗಾಡಿ ಸದ್ದು, ಕೆಮ್ಮು ಎಲ್ಲಾ ಸೇರಿ ಕಲಸುಮೇಲೋಗರ. ಈಗ ಎರಡು ಸಲ ಕೇಳುತ್ತೇನೆ. ಮೊದಲ ಸಲ 1.5x ವೇಗದಲ್ಲಿ ಸುಮ್ನೆ ಪೂರ್ತಿ. ಎರಡನೇ ಸಲ ಒಂದೊಂದು ಕೆಲಸ ಬಂದ ಕಡೆ ನಿಲ್ಲಿಸಿ, ನನ್ನ ಮಾತಿನಲ್ಲಿ ಮೈಕಿಗೆ ಹೇಳುತ್ತೇನೆ. ನಾನೇ ಹೇಳುವಾಗ ಮಾತು ತಾನಾಗಿಯೇ ಚಿಕ್ಕದಾಗುತ್ತದೆ. ಐದು ನಿಮಿಷದ ಮೆಸೇಜಿಗೆ ಹದಿನೈದು ನಿಮಿಷ ಹಿಡಿಯುತ್ತದೆ.

ಮೊದಲ ಸಲ ಪೂರ್ತಿ ಕೇಳಲೇಬೇಕು. ಯಾಕೆ ಅಂದರೆ ಮೊನ್ನೆಯ ಮೆಸೇಜು ನೋಡಿ:

"ನೋಡಪ್ಪ, ಶನಿವಾರದ ರಿಸೆಪ್ಷನ್‌ಗೆ ಮೇಲಿನ ಹಾಲಿಗೆ ನಾನೂರು ಕುರ್ಚಿ ಹಾಕ್ಸು. ಹೂವಿನವರು ಮೂರು ಗಂಟೆಗೆ ಬರ್ತಾರೆ, ಅಷ್ಟೊತ್ತಿಗೆ ಸ್ಟೇಜ್ ಖಾಲಿ ಇರ್ಲಿ. ಹೋದ ಸಲ ನೋಡಿದ್ಯಲ್ಲ, ಎಷ್ಟು ಒದ್ದಾಡಿದ್ರು... ಜನರೇಟರ್ ಅಡುಗೆಮನೆ ಪಕ್ಕ ನಿಲ್ಲಿಸ್ಬೇಡಿ, ಗೇಟ್ ಹತ್ರ ಇರ್ಲಿ. ಮಳೆ ಬಂದ್ರೆ ಮುಂದ್ಗಡೆ ಶೀಟ್ ಕಟ್ಸು. ಹಾಂ, ಆ ಕುರ್ಚಿ ಮುನ್ನೂರೈವತ್ತು ಸಾಕು, ಐವತ್ತು ಊಟದ ಹಾಲಿಗೆ ಇಳ್ಸು. ಸಿಲಿಂಡರ್ ಎಷ್ಟಿದೆ ಅಂತ ಇವತ್ತೇ ನೋಡು."

ಹೇಳಿದ ಕ್ರಮದಲ್ಲೇ ಬರೆದಿದ್ದರೆ ಹುಡುಗರು ನಾನೂರು ಕುರ್ಚಿ ಹೊತ್ತು, ಆಮೇಲೆ ಐವತ್ತು ಇಳಿಸುತ್ತಿದ್ದರು. ಇವತ್ತೇ ಆಗಬೇಕಾದ ಸಿಲಿಂಡರ್ ಕೊನೆಗೆ ಬೀಳುತ್ತಿತ್ತು. ಹಾಗಾಗಿ ಗ್ರೂಪಿಗೆ ಹೋದದ್ದು ಹೀಗೆ:

1. ಇವತ್ತು: ಸಿಲಿಂಡರ್ ಎಣಿಸಿ ನನಗೆ ಹೇಳಿ
2. ಶನಿವಾರ ಬೆಳಿಗ್ಗೆ: ಮೇಲಿನ ಹಾಲಿಗೆ ಕುರ್ಚಿ 350
3. ಶನಿವಾರ ಬೆಳಿಗ್ಗೆ: ಊಟದ ಹಾಲಿಗೆ ಕುರ್ಚಿ 50
4. ಶನಿವಾರ 2:30ರೊಳಗೆ: ಸ್ಟೇಜ್ ಖಾಲಿ (3ಕ್ಕೆ ಹೂವಿನವರು)
5. ಜನರೇಟರ್ ಗೇಟ್ ಹತ್ತಿರ
6. ಮಳೆ ಬಂದರೆ ಮಾತ್ರ: ಮುಂದೆ ಶೀಟ್

ಕುರ್ಚಿಯನ್ನು ಎರಡು ಸಾಲು ಮಾಡಿದ್ದು ಬೇಕಂತಲೇ. ಒಂದೇ ಸಾಲಿನಲ್ಲಿ ಎರಡು ಕೆಲಸ ಇದ್ದರೆ ಒಂದು ಮುಗಿಸಿ "ಆಯ್ತು" ಅಂತಾರೆ. ಹೋದ ಸಲದ ಒದ್ದಾಟ ಬಿಟ್ಟೆ. ಅದು ಬೈಗುಳ, ಕೆಲಸ ಅಲ್ಲ.

ಐದನೇದು ಪೆಟ್ಟು ತಿಂದು ಕಲಿತದ್ದು. ಎರಡನೇ ತಿಂಗಳಲ್ಲಿ ಮೈಕಿಗೆ "ನಿಲ್ಲಿಸಬೇಡಿ" ಅಂದಿದ್ದೆ, "ನಿಲ್ಲಿಸಬೇಕು" ಅಂತ ಬಿದ್ದಿತ್ತು. ನಾನು ನೋಡದೆ ಕಳಿಸಿದೆ. ಜನರೇಟರ್ ಗಾಡಿ ನೇರ ಅಡುಗೆಮನೆ ಕಿಟಕಿ ಕೆಳಗೆ! ಡೀಸೆಲ್ ಹೊಗೆಗೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಈಗ "ಬೇಡ" ಅನ್ನೋ ಮಾತನ್ನೇ ತಪ್ಪಿಸಿ, ಎಲ್ಲಿರಬೇಕು ಅನ್ನೋದನ್ನು ಮಾತ್ರ ಹೇಳುತ್ತೇನೆ. ತಪ್ಪಿಸೋಕೆ ಆಗದಿದ್ದರೆ ಆ ಪದದ ಎರಡೂ ಕಡೆ * ಹಾಕಿ ದಪ್ಪ ಅಕ್ಷರ ಮಾಡುತ್ತೇನೆ. ಮೈಕ್ ಸಂಖ್ಯೆಯನ್ನು ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ ಹಾಕುತ್ತದೆ. ಅದಕ್ಕೇ ಅಂಕಿಗಳನ್ನು ಮಾತ್ರ ಕೈಯಲ್ಲೇ ಒತ್ತುತ್ತೇನೆ. ಒಂದು ಸ್ಟಾರ್ ಕಡಿಮೆಯಾಗಿದ್ದು ಇವೆರಡಕ್ಕೇ.

ಇನ್ನು ನಂಬರಿನ ವಿಷಯ. ವಾಟ್ಸಾಪ್‌ನಲ್ಲಿ 1 ಒತ್ತಿ, ಚುಕ್ಕೆ ಇಟ್ಟು, ಒಂದು ಜಾಗ ಬಿಟ್ಟು ಬರೆದರೆ ಸಾಲು ಪಟ್ಟಿಯಾಗುತ್ತದೆ. 2024ರಲ್ಲಿ ಬಂದ ಸೌಲಭ್ಯ. ಟಿಕ್ ಹಾಕೋಕೆ ಬಾಕ್ಸ್ ಇಲ್ಲ, ಆದರೂ ಕೊರತೆ ಅನ್ನಿಸಿಲ್ಲ. ಹುಡುಗರು "3 ಆಯ್ತು" ಅಂತ ಹಾಕುತ್ತಾರೆ, ಅಷ್ಟೇ ಸಾಕು. ಆದರೆ ಒಮ್ಮೆ ಕಳಿಸಿದ ಮೇಲೆ ನಂಬರ್ ಬದಲಾಯಿಸಬಾರದು. ಕಳಿಸಿ 15 ನಿಮಿಷದವರೆಗೆ ಎಡಿಟ್ ಮಾಡಬಹುದಲ್ವಾ, ನಾನು ಒಮ್ಮೆ ನಡುವೆ ಹೊಸ ಸಾಲು ತುರುಕಿದೆ. ಹಳೇ ಪಟ್ಟಿ ನೋಡಿದವನ "4 ಆಯ್ತು", ಹೊಸ ಪಟ್ಟಿಯಲ್ಲಿ ಬೇರೆ ಕೆಲಸ. ಸ್ಟೇಜ್ ಖಾಲಿಯಾಗಿದೆ ಅಂದುಕೊಂಡು ನಾನು ಊಟಕ್ಕೆ ಹೋಗಿದ್ದೆ. ಈಗ ಹೊಸದು ಏನು ಬಂದರೂ ಕೊನೆಯಲ್ಲೇ, ಮುಂದಿನ ನಂಬರಿಗೆ. ರದ್ದಾದರೆ ಅದೇ ನಂಬರಿನ ಮುಂದೆ "ರದ್ದು" ಅಂತ ಬರೆಯುತ್ತೇನೆ, ಅಳಿಸಲ್ಲ.

ಗ್ರೂಪಿಗೆ ಹಾಕುವ ಮೊದಲು ಪಟ್ಟಿಯನ್ನು ಮ್ಯಾನೇಜರ್‌ಗೆ ಕಳಿಸುತ್ತೇನೆ, ಕೆಳಗೆ ನನ್ನ ಅನುಮಾನಗಳ ಜೊತೆ. ಮೊನ್ನೆ ಕೇಳಿದ್ದು ಒಂದೇ: "ಸಾರ್, ಸಿಲಿಂಡರ್ ಎಷ್ಟಕ್ಕಿಂತ ಕಡಿಮೆ ಇದ್ದರೆ ತರಿಸಲಿ?" ಉತ್ತರ ಮೂರು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಬಂತು. ಸಿಲಿಂಡರ್ ವಿಷಯ ಕೊನೆಯ ಹತ್ತು ಸೆಕೆಂಡಿನಲ್ಲಿತ್ತು. ಏಳನೇ ನಂಬರಿಗೆ ಹಾಕಿದೆ.