"ರೂಮಿನ ವ್ಯತ್ಯಾಸ ಮಾತ್ರ ಕಟ್ಟಿ" ಎಂದರೆ ಸಹಿ ಹಾಕಬೇಡಿ

ವಿದೇಶದಲ್ಲಿ ಕುಳಿತು, ಊರಿನಲ್ಲಿರುವ ತಂದೆತಾಯಿಯ ಕ್ಯಾಶ್‌ಲೆಸ್ ದಾಖಲಾತಿಯನ್ನು ಫೋನಿನಲ್ಲೇ ಮಾಡಿಸುವವರು ದಯವಿಟ್ಟು ಇದನ್ನು ಓದಿ. ಕಾರ್ಡ್ ಇತ್ತು, ಪಾಲಿಸಿ ಚಾಲ್ತಿಯಲ್ಲಿತ್ತು, ಆಸ್ಪತ್ರೆ ವಿಮಾ ಕಂಪನಿಯ ಪಟ್ಟಿಯಲ್ಲೇ ಇತ್ತು. ಅನುಮತಿಯೂ ಸಿಕ್ಕಿತ್ತು. ಆದರೂ ಡಿಸ್ಚಾರ್ಜ್ ದಿನ ನಮ್ಮ ಕೈಯಿಂದ 60,000 ರೂಪಾಯಿ ಹೋಯಿತು. ಹೋದ ದಾರಿ ಕೇಳಿ.

ಅಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಸೋಂಕು. ಲ್ಯಾಪರೋಸ್ಕೋಪಿ ಮಾಡಿ ಪಿತ್ತಕೋಶವನ್ನೇ ತೆಗೆಯಬೇಕು ಎಂದು ವೈದ್ಯರು ಹೇಳಿದರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆ, ಹೆಸರು ಬರೆಯುವುದಿಲ್ಲ. ನಾನು ಡಲ್ಲಾಸ್‌ನಲ್ಲಿದ್ದೇನೆ. ಮೈಸೂರಿನಲ್ಲಿ ಬೆಳಿಗ್ಗೆ ಹನ್ನೊಂದಾದರೆ ಇಲ್ಲಿ ನಡುರಾತ್ರಿ ಹನ್ನೆರಡೂವರೆ. ಅಮ್ಮ ವಿಮಾ ಕೌಂಟರಿನ ಮುಂದೆ ನಿಂತಿದ್ದರು, ನಾನು ವಾಟ್ಸ್ಆ್ಯಪ್ ಕರೆಯಲ್ಲಿದ್ದೆ. "ಕಾರ್ಡ್ ಕೊಡಮ್ಮ, ಇಬ್ಬರ ಆಧಾರ್ ಕೊಡು, ವೈದ್ಯರು ಬರೆದ ಅಡ್ಮಿಷನ್ ಚೀಟಿ ಕೊಡು, ಹೊಟ್ಟೆಯ ಸ್ಕ್ಯಾನ್ ವರದಿಯ ನಕಲು ಕೊಡು." ಎಲ್ಲವೂ ಆಯಿತು. ಪೂರ್ವಾನುಮತಿಯ ಅರ್ಜಿಯಲ್ಲಿ ವೈದ್ಯರ ಭಾಗ ತುಂಬಿದೆಯೇ ಎಂದು ಫೋಟೊ ತರಿಸಿಕೊಂಡು ನೋಡಿದೆ. ಇಷ್ಟರ ಮಧ್ಯೆ 20,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಕ್ಯಾಶ್‌ಲೆಸ್ ಎಂದ ಮೇಲೆ ಮುಂಗಡ ಏಕೆ ಎಂದರೆ "ಕೊನೆಗೆ ವಾಪಸ್ ಬರುತ್ತದೆ ಸರ್" ಎಂಬ ಉತ್ತರ. ಅದನ್ನು ನೆನಪಿಟ್ಟುಕೊಳ್ಳಿ.

ವಿಮಾ ಕಂಪನಿ ಮೊದಲ ಕಂತಿಗೆ 70,000ಕ್ಕೆ ಒಪ್ಪಿಗೆ ಕಳಿಸಿತು. ಅಮ್ಮ ಗಾಬರಿಯಾದರು. ಇದು ಆರಂಭದ ಅನುಮತಿ, ಪೂರ್ತಿ ಮೊತ್ತ ಡಿಸ್ಚಾರ್ಜ್ ದಿನ ಬರುತ್ತದೆ ಎಂದು ಸಮಾಧಾನ ಹೇಳಿದೆ. ಅದು ನಿಜವೇ. ಆದರೆ ಆ ಅನುಮತಿ ಪತ್ರದಲ್ಲೇ ಇನ್ನೊಂದು ಸಾಲಿತ್ತು: ದಿನಕ್ಕೆ ರೂಮ್ ಬಾಡಿಗೆಯ ಅರ್ಹತೆ 5,000 ರೂಪಾಯಿ. ಅಪ್ಪನದು ಹಳೆಯ ಪಾಲಿಸಿ, ವಿಮಾ ಮೊತ್ತ 5 ಲಕ್ಷ, ಬಾಡಿಗೆಗೆ ಅದರ ಶೇಕಡ 1ರ ಮಿತಿ. ಪತ್ರ ಹೋದದ್ದು ಆಸ್ಪತ್ರೆಯ ಮೇಲ್‌ಗೆ ಮತ್ತು ಅಪ್ಪ ಎಂದೋ ಬಿಟ್ಟುಬಿಟ್ಟಿರುವ ಹಳೆಯ ಮೇಲ್‌ಗೆ. ಕೌಂಟರಿನವರು ಓದಿದ್ದರು. ನಮಗೆ ತೋರಿಸಲಿಲ್ಲ.

ಆಮೇಲೆ ಶುರುವಾಯಿತು ನಾಟಕ. "ಅಮ್ಮಾ, ಇಬ್ಬರು ಹಂಚಿಕೊಳ್ಳುವ ರೂಮ್ ಒಂದೂ ಖಾಲಿ ಇಲ್ಲ. ಸಿಂಗಲ್ ರೂಮ್ ಇದೆ, ದಿನಕ್ಕೆ 8,000. ನಿಮ್ಮ ಪಾಲಿಸಿ 5,000 ಕೊಡುತ್ತದೆ. ದಿನಕ್ಕೆ 3,000 ವ್ಯತ್ಯಾಸ ಮಾತ್ರ ನೀವು ಕಟ್ಟಬೇಕು." ಅಮ್ಮ ಫೋನನ್ನು ಸ್ಪೀಕರ್‌ಗೆ ಹಾಕಿದರು. ನಾನೇ ಕೇಳಿದೆ: "ವ್ಯತ್ಯಾಸ ಬಿಟ್ಟು ಬೇರೇನೂ ಇಲ್ಲ ತಾನೇ?" ಆ ಹುಡುಗ ಸ್ಪಷ್ಟವಾಗಿ ಹೇಳಿದ: "ಇಲ್ಲ ಸರ್, ರೂಮಿನ ವ್ಯತ್ಯಾಸ ಮಾತ್ರ." ಈ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ರೂಮಿನ ವ್ಯತ್ಯಾಸ ಮಾತ್ರ! ಇಂಗ್ಲಿಷಿನಲ್ಲಿದ್ದ ಒಂದು ಒಪ್ಪಿಗೆ ಪತ್ರವನ್ನು ಅಮ್ಮನ ಮುಂದೆ ಇಟ್ಟು, "ಎಲ್ಲರೂ ಹಾಕುತ್ತಾರೆ ಅಮ್ಮಾ" ಎಂದು ಸಹಿ ಹಾಕಿಸಿಕೊಂಡರು. ಒಳಗೆ ಅಪ್ಪ ನೋವಿನಿಂದ ನರಳುತ್ತಿದ್ದರು. ಆ ಹೊತ್ತಿನಲ್ಲಿ ಯಾರು ಪ್ರತಿ ಸಾಲನ್ನೂ ಓದುತ್ತಾರೆ? ಓದುವುದಿಲ್ಲ ಎಂದು ಅವರಿಗೆ ಗೊತ್ತು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ವೈದ್ಯರ ಬಗ್ಗೆ, ದಾದಿಯರ ಬಗ್ಗೆ ನನ್ನದು ಒಂದೇ ಒಂದು ದೂರಿಲ್ಲ.

ಡಿಸ್ಚಾರ್ಜ್ ದಿನ. ಮೂರು ದಿನದ ವ್ಯತ್ಯಾಸ 9,000, ಮುಂಗಡ 20,000. ಕೈಗವಸು, ಅದು ಇದು ಎಂದು ಸ್ವಲ್ಪ ಕಳೆದರೂ ನಾಲ್ಕೈದು ಸಾವಿರ ವಾಪಸ್ ಬರುತ್ತದೆ ಎಂದು ಅಮ್ಮ ಕೌಂಟರಿಗೆ ಹೋದರು. ಅವರು ಕೇಳಿದ್ದು ಇನ್ನೂ 40,000. ಅಮ್ಮ ತಪ್ಪು ಬಿಲ್ ಇರಬೇಕು ಎಂದುಕೊಂಡು ಅಪ್ಪನ ಹೆಸರನ್ನು ಎರಡೆರಡು ಸಲ ಓದಿ ನೋಡಿದರಂತೆ.

ತಪ್ಪು ಬಿಲ್ ಅಲ್ಲ. ಒಟ್ಟು 1,90,000. ಮಿತಿಗಿಂತ ದುಬಾರಿ ರೂಮಿಗೆ ಹೋದರೆ ವಿಮಾ ಕಂಪನಿ ಬಾಡಿಗೆಯನ್ನು ಮಾತ್ರ ಕಡಿಮೆ ಮಾಡುವುದಿಲ್ಲ, ಅದೇ ಪ್ರಮಾಣದಲ್ಲಿ ಉಳಿದ ಖರ್ಚನ್ನೂ ಕಡಿಯುತ್ತದೆ. 8,000ದ ರೂಮಿಗೆ 5,000ದ ಅರ್ಹತೆ ಎಂದರೆ ಶೇಕಡ 62.5. ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ, ಆಪರೇಷನ್ ಥಿಯೇಟರ್, ವೈದ್ಯರ ಭೇಟಿ, ಶುಶ್ರೂಷೆ ಎಲ್ಲ ಸೇರಿ 1,20,000 ಆಗಿತ್ತು. ಅದರಲ್ಲಿ 75,000 ಮಾತ್ರ ಕೊಟ್ಟರು. 45,000 ನಮ್ಮ ತಲೆಗೆ. ಔಷಧ ಮತ್ತು ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ, ಹಾಕಿರಲೂ ಇಲ್ಲ. ಅವುಗಳಿಗೆ ಆದ 46,000ದಲ್ಲಿ ವಿಮೆಗೆ ಒಳಪಡದ ಸಾಮಾನುಗಳ 6,000 ಮಾತ್ರ ಹೋಯಿತು. ಬಾಡಿಗೆಯ 9,000, ಈ 45,000, ಆ 6,000. ಅಲ್ಲಿಗೆ 60,000.

ರಾತ್ರಿಯೆಲ್ಲ ಎದ್ದೇ ಇದ್ದವನು ಕೌಂಟರಿನವನನ್ನು ಫೋನಿಗೆ ಕರೆಸಿದೆ.

"ಬಾಡಿಗೆಯ ವ್ಯತ್ಯಾಸ ಮಾತ್ರ ಎಂದು ನೀವೇ ಹೇಳಿದಿರಲ್ಲ?"

"ಕಡಿತ ಮಾಡಿದ್ದು ವಿಮಾ ಕಂಪನಿ ಸರ್. ನಮ್ಮದೇನೂ ಇಲ್ಲ."

"ಕಡಿತವಾಗುತ್ತದೆ ಎಂದು ನಿಮಗೆ ಗೊತ್ತಿತ್ತೇ ಇಲ್ಲವೇ?"

"ಪತ್ರದಲ್ಲಿ ಬರೆದಿದೆ ಸರ್. ನಿಮ್ಮ ತಾಯಿಯವರೇ ಸಹಿ ಹಾಕಿದ್ದಾರೆ."

ನಿಮ್ಮ ತಾಯಿಯವರೇ ಸಹಿ ಹಾಕಿದ್ದಾರೆ! ವಿಮಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರೆ "ಪಾಲಿಸಿಯ ನಿಯಮದಂತೆ ಮಾಡಿದ್ದೇವೆ, ರೂಮ್ ಆರಿಸಿಕೊಂಡವರು ನೀವು." ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸುತ್ತಾರೆ. ಹಣ ಕಟ್ಟದೆ ಡಿಸ್ಚಾರ್ಜ್ ಇಲ್ಲ. ಅಪ್ಪ ಗಾಲಿಕುರ್ಚಿಯಲ್ಲಿ ಕುಳಿತು ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಪಕ್ಕದ ಮನೆಯವರು ಬಂದು ತಮ್ಮ ಕಾರ್ಡ್ ಉಜ್ಜಿದರು. ಮಗ ಅಮೆರಿಕದಲ್ಲಿದ್ದಾನೆ, ಅಮ್ಮ ನೆರೆಯವರ ಮುಂದೆ ನಿಲ್ಲಬೇಕಾಯಿತು.

ಹೊಟ್ಟೆ ಉರಿಯುವ ಸಂಗತಿ ಮನೆಗೆ ಬಂದ ಮೇಲೆ ತಿಳಿಯಿತು. ಅಮ್ಮ ಕಾರಿಡಾರಿನಲ್ಲಿ ಪರಿಚಯವಾದ ಒಬ್ಬ ಹೆಂಗಸಿನ ಹತ್ತಿರ ಫೋನಿನಲ್ಲಿ ಮಾತನಾಡುತ್ತಿದ್ದರು. ಆಕೆಯ ಗಂಡ ಅದೇ ಮಹಡಿಯಲ್ಲಿ, ಇಬ್ಬರು ಹಂಚಿಕೊಳ್ಳುವ ರೂಮಿನಲ್ಲಿದ್ದರು. ಪಕ್ಕದ ಹಾಸಿಗೆ? "ನಾವು ಇದ್ದಷ್ಟು ದಿನವೂ ಖಾಲಿಯೇ ಇತ್ತಲ್ಲ ಅಕ್ಕಾ" ಎಂದರಂತೆ.

ಆಸ್ಪತ್ರೆಗೆ ಬರೆದು ಕೇಳಿದೆ. "ದಾಖಲಾತಿಯ ಸಮಯದಲ್ಲಿ ಹಾಸಿಗೆ ಲಭ್ಯವಿರಲಿಲ್ಲ" ಎಂಬ ಒಂದು ಸಾಲಿನ ಉತ್ತರ. ಆಮೇಲಾದರೂ ಬದಲಿಸಬಹುದಿತ್ತಲ್ಲ ಎಂದರೆ "ತಮ್ಮ ಕಡೆಯಿಂದ ಮನವಿ ಬಂದಿಲ್ಲ." ರೂಮಿನ ದರ್ಜೆಗೆ ತಕ್ಕಂತೆ ಶುಲ್ಕ ಬದಲಾಗದ ಆಸ್ಪತ್ರೆಯಲ್ಲಿ ಈ ಪ್ರಮಾಣದ ಕಡಿತ ಮಾಡಬಾರದು ಎಂಬ ನಿಯಮವಿದೆ, ಅದನ್ನು ಹಿಡಿದು ದರಪಟ್ಟಿ ಕೇಳಿದೆ. ಇವರ ಪಟ್ಟಿಯಲ್ಲಿ ಸಿಂಗಲ್ ರೂಮಿನ ರೋಗಿಗೆ ಶಸ್ತ್ರಚಿಕಿತ್ಸಕರ ಶುಲ್ಕವೇ ಹೆಚ್ಚು. ಅದೇ ವೈದ್ಯರು, ಅದೇ ಥಿಯೇಟರ್, ಅದೇ ಕತ್ತರಿ! ಅಂದರೆ ಆ ರೂಮಿಗೆ ಕಳಿಸಿದರೆ ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕೆ?

ಆದ್ದರಿಂದ ಮೊದಲು ಪಾಲಿಸಿಯಲ್ಲಿ ಬಾಡಿಗೆಯ ಮಿತಿ ಇದೆಯೇ ನೋಡಿ. ಇದ್ದರೆ, ಅನುಮತಿ ಪತ್ರವನ್ನು ನಿಮ್ಮ ಕಣ್ಣಿನಿಂದ ಓದದೆ ರೂಮಿಗೆ ಹೂಂ ಎನ್ನಬೇಡಿ. ಪಾಲಿಸಿಯಲ್ಲಿ ನೀವು ನಿಜವಾಗಿ ನೋಡುವ ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನೇ ಹಾಕಿಸಿ. ರೂಮ್ ಖಾಲಿ ಇಲ್ಲ ಎಂದರೆ ಅದನ್ನೇ ಬರೆದು ಮೊಹರು ಹಾಕಿಕೊಡಲು ಕೇಳಿ, ಖಾಲಿಯಾದ ಕೂಡಲೇ ಬದಲಿಸಿ ಎಂಬ ಮನವಿಗೆ ಸ್ವೀಕೃತಿ ಪಡೆಯಿರಿ. ಬರೆದುಕೊಡಿ ಎಂದ ತಕ್ಷಣ ಎಷ್ಟೋ ಕಡೆ ಹಾಸಿಗೆ ಹುಟ್ಟಿಕೊಳ್ಳುತ್ತದೆ ಎಂದು ಈಗ ಪರಿಚಿತರು ಹೇಳುತ್ತಿದ್ದಾರೆ.

ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೂ ದೂರು ಕೊಟ್ಟಿದ್ದೇನೆ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದರೂ ಇದೇ ರಾಗವಾದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅವರು ನೋಡುವುದು ವಿಮಾ ಕಂಪನಿಯ ತಪ್ಪನ್ನು ಮಾತ್ರ. ಆಸ್ಪತ್ರೆಯ ಮೇಲೆ ಗ್ರಾಹಕರ ಆಯೋಗಕ್ಕೆ ಬೇರೆಯೇ ದೂರು ಕೊಡಬೇಕು. ಅದಕ್ಕೆ ಅಮ್ಮನ ಸಹಿ ಬೇಕು ಎಂದು ಹೇಳಿದರೆ, "ಇನ್ನು ಮೇಲೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲಪ್ಪ" ಎಂದು ಕುಳಿತಿದ್ದಾರೆ.