ವಿಧಾನ ಸರಿ, ಉತ್ತರ ತಪ್ಪು: ಅಂಕ ಹೇಗೆ?

ಹಂತಕ್ಕಿಷ್ಟು ಎಂದು ಕೊಡುವುದೇ, ತಪ್ಪಿಗಿಷ್ಟು ಎಂದು ಕಳೆಯುವುದೇ ಎಂದು ಮಂಡ್ಯದ ಪಿಯು ಉಪನ್ಯಾಸಕಿಯೊಬ್ಬರು ಕೇಳಿದ್ದಾರೆ.

0ಯಿಂದ 1ರವರೆಗೆ x·eˣ ಅನುಕಲನಕ್ಕೆ 5 ಅಂಕ ಎನ್ನೋಣ. ಹುಡುಗ ಭಾಗಶಃ ಅನುಕಲನದ ಸೂತ್ರವನ್ನು ಸರಿಯಾಗಿ ಬರೆದು, ಮುಂದಿನ ಸಾಲಿನಲ್ಲಿ ಮೈನಸ್ ಬದಲು ಪ್ಲಸ್ ಹಾಕಿ x·eˣ + eˣ ಎಂದ. ಮಿತಿಗಳನ್ನು ತಪ್ಪಿಲ್ಲದೆ ಆದೇಶಿಸಿದ್ದರಿಂದ 2e − 1 ಬಂತು. ಸರಿಯುತ್ತರ 1.

ಹಂತದ ಲೆಕ್ಕದಲ್ಲಿ ಆ ಸಾಲಿನದೂ ಉತ್ತರದ್ದೂ ಹೋಗಿ 3 ಅಂಕ. ಒಂದೇ ತಪ್ಪಿಗೆ ಎರಡು ಪೆಟ್ಟು. ಕಳೆಯುವ ಕ್ರಮದಲ್ಲಿ 4. ಆದರೆ ಅವನ ತಪ್ಪು ಸಾಲಿನಿಂದಲೇ ಮುಂದಿನದನ್ನೆಲ್ಲ ನೀವು ಲೆಕ್ಕ ಹಾಕಿ ನೋಡಬೇಕು, ಸಮಯ ಹಿಡಿಯುತ್ತದೆ.

ಹಲವರು ಮೌಲ್ಯಮಾಪನ ಮಾಡುವಲ್ಲಿ ಹಂತವೇ ವಾಸಿ, ಅಂಕ ಕೈಯಿಂದ ಕೈಗೆ ಬದಲಾಗದು. ತರಗತಿಯ ಕಿರುಪರೀಕ್ಷೆಗೆ ನಾನು ಕಳೆಯುತ್ತೇನೆ. ತಪ್ಪಿನಿಂದ ಲೆಕ್ಕವೇ ಸುಲಭವಾಗಿಬಿಟ್ಟಿದ್ದರೆ ಮಾತ್ರ ಆ ಉದಾರತೆ ಇಲ್ಲ.